ಮೂರು ಲಕ್ಷ ಕೇಳಿದ ತಮ್ಮನಿಗೆ ನಾನು ಬರೆದ ಉತ್ತರ

ನನ್ನ ಚಿಕ್ಕಪ್ಪನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. 2023ರ ದೀಪಾವಳಿ ಕಳೆದ ಮೇಲೆ, ಒಂದು ಗುರುವಾರ ರಾತ್ರಿ ಹನ್ನೊಂದರ ಸುಮಾರಿಗೆ ಅವನಿಂದ ಮೇಲ್ ಬಂತು. ವಿಷಯದ ಸಾಲಿನಲ್ಲಿ `Small help` ಅಂತ ಇತ್ತು. ನಮ್ಮ ದಾವಣಗೆರೆಯ ಶಾಮನೂರು ಕಡೆ ಒಂದು ಸೈಟು ನೋಡಿದ್ದಾನೆ, ಮೂರು ಲಕ್ಷ ಕಡಿಮೆ ಬಿದ್ದಿದೆ, ಆರು ತಿಂಗಳಲ್ಲಿ ವಾಪಸ್ ಕೊಡುತ್ತಾನೆ, ಬಡ್ಡಿ ಬೇಕಾದರೂ ಕೊಡುತ್ತಾನೆ. ನಾನು ಇಲ್ಲ ಅಂತ ಬರೆದೆ. ಮುಂದಿನ ಮಾರ್ಚ್‌ನಲ್ಲಿ ದುಗ್ಗಮ್ಮನ ಜಾತ್ರೆಗೆ ಅವನು ಹೆಂಡತಿ ಮಕ್ಕಳ ಜೊತೆ ಬಂದು ನಮ್ಮ ಮನೆಯಲ್ಲೇ ಮೂರು ದಿನ ಇದ್ದ.

ಇದನ್ನು ಬರೆಯುತ್ತಿರುವುದು ಅದಕ್ಕೇ. ಮೇಲ್‌ನಲ್ಲಿ ಇಲ್ಲ ಅಂದರೆ ಸಂಬಂಧ ಮುರಿಯುತ್ತೆ ಅಂತ ಮನೆಯಲ್ಲಿ ಎಲ್ಲರೂ ಹೇಳಿದ್ದರು. ನಮ್ಮಪ್ಪ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಅವರ ಸಿಟ್ಟಿಗೆ ಕಾರಣ ಇತ್ತು. ನಾನು ಬಿ.ಕಾಂ. ಓದುವಾಗ ಒಂದು ವರ್ಷ ನನ್ನ ಫೀಸು ಕಟ್ಟಿದ್ದು ಇದೇ ಚಿಕ್ಕಪ್ಪ. ತಮ್ಮನನ್ನು ಕೇಳಿಯೇ ಇಲ್ಲಿ ಬರೆಯುತ್ತಿದ್ದೇನೆ. ಅವನು ಓದಿ, "ಸೈಟಿನ ಅಳತೆ ಮಾತ್ರ ಬರೀಬೇಡ ಅಣ್ಣ" ಅಂದ.

ನಾನು ಮಂಡಿಪೇಟೆಯ ಅಂಗಡಿಗಳಿಗೆ ಲೆಕ್ಕಪತ್ರ, ತೆರಿಗೆ ಕೆಲಸ ಮಾಡಿಕೊಡುತ್ತೇನೆ. ಲೆಕ್ಕ ಬರೆಯುವವನ ಹತ್ತಿರ ದುಡ್ಡು ಇರುತ್ತೆ ಅಂತ ಸಂಬಂಧದಲ್ಲಿ ಎಲ್ಲರೂ ನಂಬಿರುತ್ತಾರೆ. ಹನ್ನೆರಡು ವರ್ಷದಲ್ಲಿ ಒಂಬತ್ತು ಜನಕ್ಕೆ ಸುಮಾರು ಎರಡು ಲಕ್ಷ ಅರವತ್ತು ಸಾವಿರ ಕೈಗಡ ಕೊಟ್ಟಿದ್ದೆ. ಬಂದಿದ್ದು ಒಂದು ಲಕ್ಷ ಹತ್ತು ಸಾವಿರದ ಆಸುಪಾಸು. ದುಡ್ಡಿಗಿಂತ ಜಾಸ್ತಿ ನೋವು ಕೊಟ್ಟಿದ್ದು ಸೋದರತ್ತೆಯ ಮಗ. 80 ಸಾವಿರ ತಗೊಂಡವನು 35 ಸಾವಿರ ಕೊಟ್ಟ. ಉಳಿದಿದ್ದನ್ನು ನಾನು ಒಂದು ದಿನವೂ ಕೇಳಲಿಲ್ಲ. ಆದರೂ ಅವನು ನಮ್ಮ ಮನೆಗೆ ಬರುವುದನ್ನೇ ಬಿಟ್ಟ. ಮದುವೆ ಮನೆಯಲ್ಲಿ ನಾನು ಊಟದ ಸಾಲಿಗೆ ಬಂದರೆ ಅವನು ಎದ್ದು ಹೋಗುತ್ತಿದ್ದ. ಚಿಕ್ಕವರಿದ್ದಾಗ ಒಂದೇ ಸೈಕಲ್‌ನಲ್ಲಿ ಓಡಾಡಿದವರು ನಾವು.

ಆಮೇಲೆ ಇಲ್ಲ ಅನ್ನುವುದನ್ನು ಕಲಿಯೋಣ ಅಂತ ಹೊರಟೆ. ಅಲ್ಲೂ ಮೂರು ಸಲ ಸೋತೆ.

ಮೊದಲನೇ ಸಲ ಭಾವನಿಗೆ ಕಾರಣಗಳ ಪಟ್ಟಿ ಕೊಟ್ಟೆ. ಮಗಳ ಫೀಸಿದೆ, ಮನೆ ರಿಪೇರಿ ಇದೆ, ಎಲ್‌ಐಸಿ ಕಂತು ಇದೆ. ಭಾವ ಒಂದೊಂದಕ್ಕೂ ದಾರಿ ತೋರಿಸಿದರು. ಫೀಸು ಜೂನ್‌ಗೆ ಅಲ್ವಾ, ನಾನು ಏಪ್ರಿಲ್‌ಗೇ ಕೊಡ್ತೀನಿ. ರಿಪೇರಿ ಮಳೆಗಾಲ ಮುಗಿದ ಮೇಲೆ ಮಾಡಿಸು. ಕಾರಣ ಕೊಟ್ಟರೆ ಕೇಳಿದವರು ಅದನ್ನು ಪರಿಹರಿಸೋಕೆ ಕೂರುತ್ತಾರೆ. ಇನ್ನೊಂದು ತೊಂದರೆ ಆಮೇಲೆ ಬಂತು. ಎರಡು ತಿಂಗಳ ನಂತರ ನಾನು ಹಳೇ ಕಾರೊಂದನ್ನು ತಗೊಂಡೆ. ಭಾವ ಏನೂ ಅನ್ನಲಿಲ್ಲ. ಆದರೆ ಕಾರಿನ ಪೂಜೆಗೆ ಅಕ್ಕ ಒಬ್ಬಳೇ ಬಂದಳು.

ಎರಡನೇ ಸಲ ಹೆಂಡತಿಯ ಹೆಸರು ಹೇಳಿದೆ. "ನಿಮ್ಮ ಅತ್ತಿಗೆ ಒಪ್ತಿಲ್ಲ" ಅಂದೆ. ನನ್ನ ಸಂಬಂಧ ಉಳಿಯಿತು, ಅವಳದ್ದು ಹಾಳಾಯಿತು. ಅದನ್ನು ಸರಿ ಮಾಡೋಕೆ ಎರಡು ವರ್ಷ ಹಿಡಿಯಿತು. ಇವತ್ತಿಗೂ ಅದು ನನ್ನ ತಪ್ಪು ಅಂತಲೇ ಹೇಳುತ್ತೇನೆ.

ಮೂರನೇ ಸಲದ್ದೇ ಎಲ್ಲಕ್ಕಿಂತ ಕೆಟ್ಟದ್ದು. "ನೋಡೋಣ" ಅಂದುಬಿಟ್ಟೆ. ನಮ್ಮ ಕಡೆ ನೋಡೋಣ ಅಂದರೆ ಹೇಳಿದವನಿಗೆ ಇಲ್ಲ, ಕೇಳಿದವನಿಗೆ ಹೂಂ. ಕೇಳಿದ್ದವನು ದೊಡ್ಡಮ್ಮನ ಮಗ. ನನ್ನನ್ನು ನಂಬಿಕೊಂಡು ಬೇರೆ ಕಡೆ ಕೇಳುವುದನ್ನೇ ಬಿಟ್ಟ. ಮೂರು ತಿಂಗಳು ಆದ ಮೇಲೆ ಅಂಗಡಿ ಮಳಿಗೆಗೆ ಕೊಟ್ಟಿದ್ದ ಮುಂಗಡ ಹೋಯಿತು. ನಲವತ್ತು ಸಾವಿರ ಇರಬೇಕು. ನಾನು ಒಂದು ರೂಪಾಯಿ ಕೊಡದೆಯೂ ಅವನ ಮನೆಗೆ ನಷ್ಟ ಮಾಡಿದೆ. ಮೊದಲನೇ ದಿನವೇ ಇಲ್ಲ ಅಂದಿದ್ದರೆ ಅವನು ಒಡವೆ ಇಟ್ಟಾದರೂ ಮಳಿಗೆ ಉಳಿಸಿಕೊಳ್ಳುತ್ತಿದ್ದ.

ಹಾಗಾಗಿ ತಮ್ಮನ ಮೇಲ್ ಬಂದಾಗ ನನಗೆ ಒಂದು ವಿಷಯ ಗಟ್ಟಿಯಾಗಿತ್ತು. ಉತ್ತರ ಒಂದು ದಿನದೊಳಗೆ ಹೋಗಬೇಕು. ಅದರಲ್ಲಿ ಇಲ್ಲ ಅನ್ನುವುದು ಯಾರು ಓದಿದರೂ ಒಂದೇ ಅರ್ಥ ಕೊಡಬೇಕು. ಉಳಿದಿದ್ದೆಲ್ಲ ಆಮೇಲೆ.

ಫೋನ್ ಮಾಡಿ ಹೇಳು ಅಂತ ಹೆಂಡತಿ ಹೇಳಿದಳು. ನಾನು ಒಪ್ಪಲಿಲ್ಲ. ವಾರಕ್ಕೆ ಎರಡು ಸಲ ಫೋನ್‌ನಲ್ಲಿ ಹರಟುವ ಹುಡುಗ ಮೇಲ್ ಯಾಕೆ ಬರೆದ? ಬಾಯಲ್ಲಿ ಕೇಳೋಕೆ ಅವನಿಗೆ ಆಗಲಿಲ್ಲ. ಮುಖ ನೋಡದೆ ಕೇಳಿದವನಿಗೆ ಮುಖ ನೋಡದೆ ಉತ್ತರ ತಗೊಳ್ಳುವ ಅವಕಾಶ ಕೊಡಬೇಕು ಅಲ್ವಾ. ಫೋನ್ ಮಾಡಿದರೆ ಅವನು ಆ ಕ್ಷಣದಲ್ಲೇ "ಪರವಾಗಿಲ್ಲ ಅಣ್ಣ" ಅನ್ನಬೇಕು, ನಗಬೇಕು. ಮೇಲ್ ಆದರೆ ಓದಿ, ಬೇಜಾರು ಮಾಡಿಕೊಂಡು, ಒಂದು ಲೋಟ ಟೀ ಕುಡಿದು ಆಮೇಲೆ ಬರೆಯಬಹುದು.

ಮೊದಲ ಕರಡು ಇಂಗ್ಲಿಷ್‌ನಲ್ಲಿ ಬರೆದೆ, ಅವನು ಇಂಗ್ಲಿಷ್‌ನಲ್ಲಿ ಬರೆದಿದ್ದನಲ್ಲ ಅಂತ. ಓದಿ ನೋಡಿದರೆ ಬ್ಯಾಂಕಿನವರು ಸಾಲದ ಅರ್ಜಿ ವಾಪಸ್ ಕಳಿಸಿದ ಹಾಗಿತ್ತು. ಅಳಿಸಿದೆ. ಎರಡನೆಯದು ಕನ್ನಡದಲ್ಲಿ, ಒಂದೂವರೆ ಪುಟ. ಅದರಲ್ಲಿ ಚಿಕ್ಕಪ್ಪ ಫೀಸು ಕಟ್ಟಿದ್ದು, ನಾನು ಅದನ್ನು ಮರೆತಿಲ್ಲ ಅನ್ನುವುದು, ನನ್ನ ಕಷ್ಟ, ಹಳೇ ಸಾಲಗಳ ಕಥೆ ಎಲ್ಲ ಇತ್ತು. ಅದನ್ನೂ ತೆಗೆದೆ. ಫೀಸಿನ ವಿಷಯ ನಾನೇ ಎತ್ತಿದರೆ, ನೆನಪಿದ್ದೂ ಕೊಡಲಿಲ್ಲ ಅನ್ನುವ ಮಾತು ಅವನ ಮನಸ್ಸಿನಲ್ಲಿ ನಾನೇ ಹಾಕಿದ ಹಾಗೆ. ಕೊನೆಗೆ ಹೋಗಿದ್ದು ಇದು:

"ತಮ್ಮಾ,

ನಿನ್ನ ಮೇಲ್ ಪೂರ್ತಿ ಓದಿದೆ. ಊರಲ್ಲೇ ಸೈಟು ತಗೊಳ್ತಿರೋದು ಖುಷಿ ಆಯಿತು.

ದುಡ್ಡಿನ ಸಹಾಯ ನನ್ನಿಂದ ಆಗುವುದಿಲ್ಲ. ಸಂಬಂಧದಲ್ಲಿ ಸಾಲ ಕೊಡೋದು, ತಗೊಳ್ಳೋದು ನಾನು ನಿಲ್ಲಿಸಿ ನಾಲ್ಕು ವರ್ಷ ಆಯಿತು. ಜಾಮೀನು ಸಹಿಯೂ ಅದರಲ್ಲೇ ಸೇರಿದೆ. ಯಾರಿಗೂ ಬೇರೆ ಮಾಡಿಲ್ಲ.

ಸೈಟಿನ ಕಾಗದಪತ್ರ ನಾನು ನೋಡಿಕೊಡ್ತೀನಿ. ಮೂಲಪತ್ರ, ಇ.ಸಿ., ಲೇಔಟ್ ಮಂಜೂರಾತಿ ಮೂರೂ ಕಳಿಸು. ಬಂದ ಎರಡು ದಿನದಲ್ಲಿ ಓದಿ ಹೇಳ್ತೀನಿ.

ನೀನು ಕೇಳಿದ್ದಕ್ಕೆ ನನಗೆ ಬೇಜಾರಿಲ್ಲ. ಈ ಮಾತು ನಮ್ಮ ಮನೆ ಹೊಸ್ತಿಲು ದಾಟೋದಿಲ್ಲ.

ಅಣ್ಣ"

ಇಷ್ಟಕ್ಕೆ ನನಗೆ ನಾಲ್ಕು ಗಂಟೆ ಹಿಡಿಯಿತು. ಇದರ ಒಂದೊಂದು ಮಾತಿನ ಹಿಂದೆಯೂ ಹಳೇ ಸೋಲುಗಳಿವೆ.

ಮೊದಲ ಸಾಲು ಮೊಬೈಲ್ ಪರದೆಯ ಮೇಲೆ ತಾನಾಗಿಯೇ ಕಾಣಿಸುತ್ತೆ, ಮೇಲ್ ತೆರೆಯದೆಯೂ. ಫೋನ್ ಅವನ ಮೇಜಿನ ಮೇಲಿರಬಹುದು, ಪಕ್ಕದಲ್ಲಿ ಸಹೋದ್ಯೋಗಿ ಇರಬಹುದು, ಮಗು ಆಟ ಆಡುತ್ತಿರಬಹುದು. ಅಲ್ಲಿ "ದುಡ್ಡು ಆಗಲ್ಲ" ಅಂತ ಬರಬಾರದು. ಹಾಗಂತ ಒಳ್ಳೆ ಮಾತು ಉದ್ದ ಆದರೆ ಅವನು ಹೂಂ ಅಂತ ಅಂದುಕೊಳ್ಳುತ್ತಾನೆ. ಎರಡು ಪುಟ್ಟ ವಾಕ್ಯ ಸಾಕು, ಮೂರನೆಯದೇ "ಇಲ್ಲ" ಅನ್ನುವ ಮಾತು ಆಗಿರಬೇಕು.

ಕರಡಿನಲ್ಲಿ "ಈಗ ಆಗುವುದಿಲ್ಲ" ಅಂತ ಇತ್ತು. ಆ "ಈಗ" ತೆಗೆಯೋಕೆ ಕೈ ಬರಲಿಲ್ಲ, ಅದು ಇದ್ದರೆ ಮಾತು ಮೆತ್ತಗಾಗುತ್ತೆ ನೋಡಿ. ಆದರೆ ಈಗ ಆಗಲ್ಲ ಅಂದರೆ ಸಂಕ್ರಾಂತಿ ಆದ ಮೇಲೆ ಆಗುತ್ತೆ ಅಂತ ಅರ್ಥ. ಬರೀ "ಆಗುವುದಿಲ್ಲ" ಅಂದರೆ ಯಾಕೆ ಅನ್ನುವ ಪ್ರಶ್ನೆ ಬರುತ್ತೆ. "ಕೊಡಲ್ಲ" ಅಂದರೆ ಒರಟು. ಅದಕ್ಕೇ ಆಗುವುದಿಲ್ಲ ಅಂತ ಬರೆದು, ಬೆನ್ನಿಗೇ ನನ್ನ ನಿಯಮ ಇಟ್ಟೆ. ನಿಯಮ ಕಾರಣದ ಹಾಗಲ್ಲ. ಅದಕ್ಕೆ ಪರಿಹಾರ ಹುಡುಕೋಕೆ ಬರಲ್ಲ. ಅದು ಅವನೊಬ್ಬನ ಮೇಲೆ ನಂಬಿಕೆ ಇಲ್ಲ ಅಂತಲೂ ಹೇಳಲ್ಲ. ಆದರೆ ಅದು ನಿಜ ಆಗಿರಬೇಕು. ನಾನು ನಿಜವಾಗಿಯೂ ನಾಲ್ಕು ವರ್ಷದಿಂದ ಯಾರಿಗೂ ಕೊಟ್ಟಿರಲಿಲ್ಲ. ಸುಳ್ಳು ನಿಯಮ ಬರೆದರೆ ಹರಿಹರದಲ್ಲಿರುವ ಯಾವುದಾದರೂ ಅತ್ತೆ ಒಂದು ವಾರದಲ್ಲಿ ಬಯಲು ಮಾಡುತ್ತಾರೆ.

ಜಾಮೀನಿನ ಮಾತು ಮೊದಲೇ ಹಾಕಿದ್ದಕ್ಕೆ ಕಾರಣ ಇದೆ. ದುಡ್ಡು ಬೇಡ ಅಣ್ಣ, ಒಂದು ಸಹಿ ಹಾಕು ಸಾಕು, ಇದು ಇಲ್ಲ ಅಂದ ಮೇಲೆ ಬರುವ ಎರಡನೇ ಕೇಳಿಕೆ. ಎರಡು ಸಲ ಇಲ್ಲ ಅಂದರೆ ಸಂಬಂಧಕ್ಕೆ ಪೆಟ್ಟು ಜಾಸ್ತಿ. ಜಾಮೀನು ಹಾಕುವುದು ಸಾಲ ಕೊಡುವುದಕ್ಕಿಂತ ಹಗುರ ಅಂತ ನಮ್ಮ ಜನ ತಿಳಿದಿದ್ದಾರೆ. ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಅಂದರೆ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಬ್ಯಾಂಕು ಮೊದಲು ಸಾಲಗಾರನ ಹಿಂದೆ ಹೋಗಿ ಆಮೇಲೆ ನಿಮ್ಮ ಹತ್ತಿರ ಬರಬೇಕು ಅಂತೇನಿಲ್ಲ, ನೇರವಾಗಿ ನಿಮ್ಮ ಹತ್ತಿರವೇ ಬರಬಹುದು. ನಾನೇ ಒಂದು ಸೊಸೈಟಿಯಲ್ಲಿ ಸಂಬಂಧಿಕರಿಗೆ ಸಹಿ ಹಾಕಿ 46 ಸಾವಿರ ಕಟ್ಟಿದ್ದೇನೆ. ಕೈಯಾರೆ ಕೊಟ್ಟಿದ್ದರೆ ಕೊಟ್ಟೆ ಅನ್ನುವ ಸಮಾಧಾನವಾದರೂ ಇರುತ್ತಿತ್ತು.

ಅವನು ಬಡ್ಡಿ ಕೊಡುತ್ತೇನೆ ಅಂದಿದ್ದಕ್ಕೆ ನಾನು ಒಂದು ಅಕ್ಷರವೂ ಉತ್ತರ ಬರೆಯಲಿಲ್ಲ. ಎಷ್ಟು ಬಡ್ಡಿ, ಯಾವಾಗ ವಾಪಸ್ ಅಂತ ಕೇಳಿದರೆ ಕೊಡುವವನ ಲೆಕ್ಕ ಶುರುವಾಯಿತು ಅಂತ ಅರ್ಥ. ಮೇಲ್‌ನಲ್ಲಿ ಸೈಟಿನ ಕಾಗದಗಳ ಡ್ರೈವ್ ಕೊಂಡಿಯೂ ಇತ್ತು. ನಾನು ಒತ್ತಿದಾಗ `Request access` ಅಂತ ಬಂತು. ಅದನ್ನು ಒತ್ತಲಿಲ್ಲ. ಒತ್ತಿದರೆ ಆ ಕ್ಷಣವೇ ಅವನಿಗೆ ಮೇಲ್ ಹೋಗುತ್ತೆ. ಅಣ್ಣ ಕಾಗದ ನೋಡುತ್ತಿದ್ದಾನೆ, ದುಡ್ಡು ಬರುತ್ತೆ ಅಂತ ರಾತ್ರಿಯೆಲ್ಲ ಕಾಯುತ್ತಾನೆ.

ಇನ್ನೊಂದು ವಿಷಯ ನಾನು ತಪ್ಪಿಸಿಕೊಳ್ಳುವವನಿದ್ದೆ. ಅವನು ಹರಿಹರದ ಅಕ್ಕನಿಗೂ ಮೇಲ್‌ನ ಪ್ರತಿ ಹಾಕಿದ್ದ. `Reply all` ಒತ್ತಿದ್ದರೆ ಅವನಿಗೆ ಇಲ್ಲ ಅಂದಿದ್ದನ್ನು ಅಕ್ಕನ ಮುಂದೆ ಅಂದ ಹಾಗಾಗುತ್ತಿತ್ತು. ಕೇಳುವಾಗ ಸಾಕ್ಷಿ ಇರಲಿ ಅಂತ ಅವನು ಹಾಕಿರಬಹುದು. ಇಲ್ಲ ಅನ್ನುವಾಗ ಸಾಕ್ಷಿ ಬೇಡ. ಅವನೊಬ್ಬನಿಗೇ ಕಳಿಸಿದೆ. ಕೆಳಗೆ ತಾನಾಗಿ ಅಂಟಿಕೊಂಡು ಬರುವ ಅವನ ಮೇಲ್ ಅನ್ನೂ ಅಳಿಸಿದೆ. ಮುಂದೆ ಯಾವತ್ತೋ ಆ ಉತ್ತರ ಯಾರಿಗಾದರೂ ಹೋದರೂ, ಅವನು ಬೇಡಿಕೊಂಡ ಮಾತುಗಳು ಜೊತೆಗೆ ಹೋಗಬಾರದು.

ಶುಕ್ರವಾರ ಸಂಜೆ ಎಂಟೂಕಾಲಕ್ಕೆ ಕಳಿಸಿದೆ. ಅವನು ಆಫೀಸ್ ಮುಗಿಸಿ ಮನೆ ಸೇರಿರುವ ಹೊತ್ತು. ಹತ್ತು ನಿಮಿಷದಲ್ಲಿ ಉತ್ತರ ಹೋದರೆ ಓದಲೇ ಇಲ್ಲ ಅನ್ನಿಸುತ್ತೆ. ನಾಲ್ಕು ದಿನ ಆದರೆ ಆಸೆ ಬೆಳೆಯುತ್ತೆ.

ಒಂಬತ್ತೂವರೆಗೆ ಉತ್ತರ ಬಂತು. "ಸರಿ ಅಣ್ಣ. ಥ್ಯಾಂಕ್ಸ್." ಅಷ್ಟೇ. ಆಮೇಲೆ ಸುದ್ದಿಯೇ ಇಲ್ಲ. ಕಾಗದವೂ ಬರಲಿಲ್ಲ. ಹೆಂಡತಿ "ಮುರಿದುಬಿತ್ತು ನೋಡ್ರಿ" ಅಂದಳು. ಅಪ್ಪ ಚಿಕ್ಕಪ್ಪನಿಗೆ ಫೋನ್ ಮಾಡುತ್ತೇನೆ ಅಂತ ಎದ್ದರು. ನಾನು ಹೊಸ್ತಿಲು ದಾಟಲ್ಲ ಅಂತ ಮಾತು ಕೊಟ್ಟಿದ್ದೇನೆ, ಬೇಡ ಅಪ್ಪಾಜಿ, ಅಂತ ಕೈ ಹಿಡಿದು ಕೂರಿಸಿದೆ.

ನಾಲ್ಕನೇ ದಿನ ನಾನೇ ಫೋನ್ ಮಾಡಿದೆ, ಪೂರ್ತಿ ಬೇರೆ ವಿಷಯಕ್ಕೆ. ಈ ಫೋನ್ ಇಲ್ಲದಿದ್ದರೆ ಮೇಲ್ ಅರ್ಧ ಕೆಲಸ ಮಾತ್ರ ಮಾಡುತ್ತೆ. ಇಲ್ಲ ಅನ್ನಿಸಿಕೊಂಡವನು ತಾನಾಗಿ ಫೋನ್ ಮಾಡಲಾರ, ಆ ಬಾಗಿಲು ತೆರೆಯಬೇಕಾದವರು ನಾವೇ. ಆ ಫೋನಿನಲ್ಲಿ ನಾನು ಅವನಿಂದ ಒಂದು ಸಣ್ಣ ಉಪಕಾರ ಕೇಳಿದೆ. ಅದು ಏನು, ಹೇಗೆ ಕೇಳಿದೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ನಮ್ಮ ಸಂಬಂಧಿಕರೂ ಇದನ್ನು ಓದುತ್ತಾರೆ, ಆಮೇಲೆ ಅದು ನನಗೆ ಕೆಲಸ ಮಾಡಲ್ಲ. ಸೈಟಿನ ಮಾತು ನಾನು ಎತ್ತಲಿಲ್ಲ, ದುಡ್ಡು ಎಲ್ಲಿಂದ ಹೊಂದಿಸುತ್ತೀಯ ಅಂತಲೂ ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ.

ಒಂಬತ್ತನೇ ದಿನ ಕಾಗದ ಬಂತು. ಇಲ್ಲಿ ನಾನು ಸ್ವಲ್ಪ ಹೆಮ್ಮೆ ಪಡುತ್ತೇನೆ. ಇ.ಸಿ. ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳನ್ನು ತೋರಿಸುವ ಋಣಭಾರ ಪತ್ರ, ಮಾರುವವರು ಕೊಟ್ಟಿದ್ದು ಹದಿಮೂರು ವರ್ಷದ್ದು ಮಾತ್ರ. ನಾನು ಮೂವತ್ತು ವರ್ಷದ್ದು ಬೇಕು ಅಂದೆ. 2004ರ ಏಪ್ರಿಲ್‌ಗಿಂತ ಹಿಂದಿನದ್ದು ಆಗ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತಿರಲಿಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಗೇ ಅರ್ಜಿ ಹಾಕಬೇಕಿತ್ತು. ಹಾಕಿಸಿದೆ. ಹಳೇ ಜಮೀನಿನ ಮೇಲೆ ಒಂದು ಅಡಮಾನ ಇತ್ತು, ತೀರಿಸಿದ ದಾಖಲೆ ಎಲ್ಲೂ ಇರಲಿಲ್ಲ. ಅದನ್ನು ಮಾರುವವರು ಬಿಡಿಸಿಕೊಂಡು ಬರಲು ಒಂದೂವರೆ ತಿಂಗಳು ಹಿಡಿಯಿತು. ತಮ್ಮನಿಗೂ ದುಡ್ಡು ಹೊಂದಿಸೋಕೆ ಅಷ್ಟು ಸಮಯ ಸಿಕ್ಕಿತು. ನನ್ನ ಖರ್ಚು ಎರಡು ದಿನದ ಕೆಲಸ, ಮುನ್ನೂರು ನಾನೂರು ರೂಪಾಯಿ ಓಡಾಟ.

ಮೇಲ್‌ನಲ್ಲಿ ಏನಾದರೂ ಕೊಡಲೇಬೇಕು, ಆದರೆ ಅದು ನಮ್ಮ ಕೈಯಲ್ಲಿ ನಿಜವಾಗಿ ಇರುವ ಕೆಲಸ ಆಗಿರಬೇಕು. ಒಂದು ಸಲ ನಾನು ಬೇರೆ ಥರ ಮಾಡಿ ನೋಡಿದ್ದೆ. ಒಂದೂವರೆ ಲಕ್ಷ ಕೇಳಿದ ಮಾವನ ಮಗನಿಗೆ, ಸಾಲ ಬೇಡ, ಈ ಹತ್ತು ಸಾವಿರ ವಾಪಸ್ ಕೊಡೋದು ಬೇಡ ಅಂತ ಕಳಿಸಿದೆ. ಹದಿನೈದು ನಿಮಿಷದಲ್ಲಿ ಹತ್ತು ಸಾವಿರವೂ ನನ್ನ ಖಾತೆಗೆ ವಾಪಸ್ ಬಂತು. ವ್ಯವಹಾರಕ್ಕೆ ಕೇಳಿದವನಿಗೆ ದಾನ ಕೊಟ್ಟರೆ ಅವಮಾನ. ಅದೇ ಕೆಲಸವನ್ನು ಆಸ್ಪತ್ರೆಯಲ್ಲಿದ್ದ ಅತ್ತೆಗೆ ಮಾಡಿದಾಗ ಅವರು ಕಣ್ಣೀರು ಹಾಕಿದರು. ಆಸ್ಪತ್ರೆ ವಿಷಯಕ್ಕೆ ನನ್ನ ಈ ಮೇಲ್ ವಿಧಾನ ಬಳಸಲೇಬೇಡಿ. ಅಲ್ಲಿ ಸಾಲ ಅನ್ನುವ ಮಾತೇ ಬೇಡ, ಕೈಲಾದಷ್ಟು ಕೊಟ್ಟು ಮರೆತುಬಿಡಿ. ನಾನು ಅದಕ್ಕೆ ಅಂತ ವರ್ಷಕ್ಕೆ ಹದಿನೈದು ಸಾವಿರ ಬೇರೆ ಇಡುತ್ತೇನೆ.

ವಾಯ್ಸ್ ಮೆಸೇಜ್ ಕೂಡ ಒಮ್ಮೆ ಪ್ರಯತ್ನ ಮಾಡಿದೆ, ದನಿಯಲ್ಲಿ ಪ್ರೀತಿ ಕೇಳಿಸುತ್ತೆ ಅಂತ. ಅದು ಮೂರು ಮನೆಗೆ ಹೋಯಿತು. ನನ್ನ ದನಿ ಕೇಳಿ ಒಬ್ಬರು "ಎಷ್ಟು ಸೊಕ್ಕು" ಅಂದರಂತೆ. ಬರೆದಿದ್ದನ್ನು ಓದುವವರು ತಮ್ಮ ದನಿಯಲ್ಲಿ ಓದಿಕೊಳ್ಳುತ್ತಾರೆ, ಅದೇ ವಾಸಿ.

ನಿಯಮಕ್ಕೆ ಬೆಲೆಯೂ ಇದೆ. ಜಾತ್ರೆ ಆದ ಆರು ತಿಂಗಳಿಗೆ ಹೆಂಡತಿಯ ತಮ್ಮ ಐವತ್ತು ಸಾವಿರ ಕೇಳಿದ. ಒಳ್ಳೆ ಹುಡುಗ, ಖಂಡಿತ ವಾಪಸ್ ಕೊಡುತ್ತಿದ್ದ. ನನ್ನ ಹತ್ತಿರ ದುಡ್ಡೂ ಇತ್ತು. ಕೊಟ್ಟರೆ ತಮ್ಮನಿಗೆ ಬರೆದ "ಯಾರಿಗೂ ಬೇರೆ ಮಾಡಿಲ್ಲ" ಅನ್ನುವ ಸಾಲು ಸುಳ್ಳಾಗುತ್ತಿತ್ತು. ಹೆಂಡತಿಯನ್ನು ಕೂರಿಸಿಕೊಂಡು ಮಾತಾಡಿದೆ. ಅವಳೇ "ಅದೇ ಮೇಲ್ ಕಳಿಸ್ರಿ, ಸೈಟಿನ ಜಾಗದಲ್ಲಿ ಜಿಎಸ್‌ಟಿ ನೋಂದಣಿ ಮಾಡಿಕೊಡ್ತೀನಿ ಅಂತ ಬರೀರಿ" ಅಂದಳು. ಹಾಗೇ ಮಾಡಿದೆ. ಅವನ ಅಂಗಡಿಯ ಲೆಕ್ಕ ಈಗ ನಾನೇ ನೋಡುತ್ತೇನೆ, ದುಡ್ಡು ತಗೊಳ್ಳಲ್ಲ.

ನಮಗಿಂತ ದೊಡ್ಡವರು ಕೇಳಿದರೆ ಮಾತ್ರ ಈ ದಾರಿ ನಡೆಯಲ್ಲ. ಹೋದ ವಾರ ಚನ್ನಗಿರಿಯ ಸೋದರಮಾವ ಮೊಮ್ಮಗನ ಕೈಯಲ್ಲಿ ಮೇಲ್ ಬರೆಸಿದ್ದಾರೆ. ಅಡಿಕೆ ತೋಟಕ್ಕೆ ಬೋರು ಕೊರೆಸಬೇಕಂತೆ, ಎರಡು ಲಕ್ಷ. ಎಪ್ಪತ್ತೆರಡು ವರ್ಷದವರಿಗೆ ನಾನು ಮೇಲ್‌ನಲ್ಲಿ ಇಲ್ಲ ಅಂತ ಬರೆಯಲಾರೆ. ಮೊಮ್ಮಗನಿಗೆ "ಭಾನುವಾರ ಬರ್ತೀನಿ ಅಂತ ತಾತನಿಗೆ ಹೇಳು" ಅಂತ ಒಂದೇ ಸಾಲು ಕಳಿಸಿದ್ದೇನೆ. ಅವರ ಪಹಣಿ, ಸೊಸೈಟಿ ಪಾಸ್‌ಬುಕ್ ತೆಗೆದಿಡೋಕೆ ಹೇಳಿದ್ದೇನೆ, ಬೆಳೆಸಾಲದಲ್ಲಿ ಎಷ್ಟು ಬಾಕಿ ಇದೆ ಅಂತ ನೋಡಬೇಕು. ಅತ್ತೆಗೆ ಇಷ್ಟ ಅಂತ ಬೆಣ್ಣೆ ಕಟ್ಟಿಸಿಕೊಂಡು ಬೆಳಗ್ಗೆ ಏಳರ ಬಸ್ಸಿಗೆ ಹೊರಡುತ್ತೇನೆ.